ಪ್ಯಾಚ್ ಸರಿಯಿದೆ, ಮುಳ್ಳು ಟಯರಲ್ಲೇ ಇದೆ

ಪ್ರಶ್ನೆ: ಸರ್, ಸೈಕಲ್ಲಿನ ಹಿಂದಿನ ಚಕ್ರ ಒಂದೇ ವಾರದಲ್ಲಿ ಮೂರು ಸಲ ಪಂಕ್ಚರ್ ಆಯ್ತು. ಅಂಗಡಿಯವರು ‘ಟ್ಯೂಬ್ ಹೋಗಿದೆ, ಟಯರೂ ಬದಲಿಸಿ’ ಅಂತಾರೆ. ಹೌದಾ?

ಈ ಪ್ರಶ್ನೆ ಬರದ ತಿಂಗಳಿಲ್ಲ. ತೂತು ಎಲ್ಲಿದೆ ಅಂತ ಮಾತ್ರ ಯಾರೂ ಬರೆಯುವುದಿಲ್ಲ!

ಟ್ಯೂಬ್ ತೆಗೆಯುವ ಮೊದಲು ವಾಲ್ವ್ ಇರುವ ಕಡೆ ಟಯರಿಗೆ ಚಾಕ್‌ಪೀಸಿನಿಂದ ಗೆರೆ ಎಳೆಯಿರಿ. ಚೈನ್ ಕಡೆ ಯಾವುದು ಅನ್ನುವುದೂ ನೆನಪಿರಲಿ. ಟ್ಯೂಬಿಗೆ ಗಾಳಿ ಹೊಡೆದು, ನೀರಲ್ಲಿ ಮುಳುಗಿಸಿ ತೂತು ಹುಡುಕಿ. ಆಮೇಲೆ ವಾಲ್ವನ್ನು ಆ ಗೆರೆಗೆ ಹೊಂದಿಸಿ ಟ್ಯೂಬನ್ನು ಟಯರಿನ ಮೇಲಿಡಿ. ತೂತಿನ ಎದುರಿಗೇ ಟಯರಿನಲ್ಲಿ ಮುಳ್ಳು ಸಿಕ್ಕಿರುತ್ತದೆ. ಜಾಲಿ ಮುಳ್ಳಿನ ತುದಿ ಮುರಿದು ರಬ್ಬರಿನಲ್ಲಿ ಹುದುಗಿದರೆ ಹೊರಗಿಂದ ಕಾಣುವುದಿಲ್ಲ. ಒಳಗೆ ಬರಿಗೈ ಆಡಿಸಬೇಡಿ, ಹತ್ತಿ ಸವರಿ. ಮುಳ್ಳಿದ್ದಲ್ಲಿ ಎಳೆ ಸಿಕ್ಕಿಕೊಳ್ಳುತ್ತದೆ.

ತೂತು ಟ್ಯೂಬಿನ ಒಳಮೈಯಲ್ಲಿ, ಅಂದರೆ ರಿಮ್ ಕಡೆ ಇದ್ದರೆ ಮುಳ್ಳಿನ ತಪ್ಪಲ್ಲ. ರಿಮ್ಮಿನ ಪಟ್ಟಿ ಸರಿದು ಕಡ್ಡಿಯ ತುದಿ ಚುಚ್ಚುತ್ತಿದೆ. ಅಕ್ಕಪಕ್ಕ ಎರಡು ಸೀಳಿದ್ದರೆ ಗಾಳಿ ಕಮ್ಮಿ ಇತ್ತು, ಗುಂಡಿಗೆ ಬಿದ್ದಾಗ ರಿಮ್ ಕಚ್ಚಿದೆ.

ಹಾಕಿದ ಪ್ಯಾಚೇ ಏಳುತ್ತಿದ್ದರೆ ಅವಸರವೇ ಕಾರಣ. ಉಪ್ಪುಕಾಗದದಿಂದ ಉಜ್ಜಿ, ಒರೆಸಿ, ಪ್ಯಾಚಿಗಿಂತ ಸ್ವಲ್ಪ ಅಗಲಕ್ಕೆ ಸಲ್ಯೂಷನ್ ತೆಳ್ಳಗೆ ಹಚ್ಚಿ. ಹೊಳಪು ಹೋಗುವ ತನಕ, ಐದು ನಿಮಿಷ ಸುಮ್ನೆ ಕೂತಿರಿ. ಹಸಿಯಲ್ಲೇ ಅಂಟಿಸಿದರೆ ನಡುವೆ ಹಸಿ ಉಳಿದು ಪ್ಯಾಚ್ ಜಾರುತ್ತದೆ. ಸಲ್ಯೂಷನ್ ಜಾಸ್ತಿ ಸುರಿದರೆ ಗಟ್ಟಿ ಅನ್ನುವುದು ಬರೀ ಭ್ರಮೆ. ಮಧ್ಯದಿಂದ ಅಂಚಿನ ಕಡೆಗೆ ಒತ್ತಿ.

ಇನ್ನು ಟಯರ್. ಗಾಳಿ ತುಂಬಿದ ಚಕ್ರವನ್ನು ಮೆಲ್ಲಗೆ ತಿರುಗಿಸಿ ನೋಡಿ. ಎಲ್ಲಾದರೂ ರಬ್ಬರ್ ಸವೆದು ನೂಲು ಕಂಡರೆ, ಒಂದು ಕಡೆ ಉಬ್ಬಿದ್ದರೆ, ಪಕ್ಕದ ಗೋಡೆ ನೂಲಿನವರೆಗೂ ಸೀಳಿದ್ದರೆ ಅದರ ಕಥೆ ಮುಗಿಯಿತು. ಅಚ್ಚು ಮಾಸಿ ನಡುಭಾಗ ಚಪ್ಪಟೆಯಾಗಿದ್ದರೆ ಮುಳ್ಳು ಸುಲಭವಾಗಿ ಒಳಗೆ ಇಳಿಯುತ್ತದೆ. ಹೊಸದಕ್ಕೆ ದುಡ್ಡು ಎತ್ತಿಡಿ, ಮಳೆಯಲ್ಲಿ ಹುಷಾರಾಗಿ ಓಡಿಸಿ. ಪಕ್ಕದಲ್ಲಿ ಕೂದಲೆಳೆಯಂಥ ಬಿರುಕು ಮಾತ್ರ ಇದ್ದರೆ ಇನ್ನೂ ಸ್ವಲ್ಪ ದಿನ ನಡೆಯುತ್ತದೆ. ಇದ್ಯಾವುದನ್ನೂ ತೋರಿಸದೆ ‘ಬದಲಿಸಿ’ ಅನ್ನುವವರ ಮಾತು ಕೇಳಬೇಡಿ. ಹಾಗಂತ ನೂಲು ಕಂಡ ಟಯರಿನೊಳಗೆ ಹಳೇ ಟಯರಿನ ತುಂಡಿಟ್ಟು ತಿಂಗಳುಗಟ್ಟಲೆ ಓಡಿಸಬೇಡಿ. ಅದು ಮನೆ ಸೇರುವವರೆಗೆ ಮಾತ್ರ.

ಪ್ರಶ್ನೆ: ಸವೆದ ಹಿಂದಿನ ಟಯರನ್ನು ಮುಂದಕ್ಕೆ ಹಾಕಬಹುದಾ? ಅಲ್ಲಿ ಭಾರ ಕಮ್ಮಿ ಅಲ್ವಾ?

ಬೇಡ. ಮುಂದಿನ ಟಯರ್ ಸಿಡಿದರೆ ಹ್ಯಾಂಡಲ್ ಕೈಲಿ ನಿಲ್ಲುವುದಿಲ್ಲ, ಬೀಳುತ್ತೀರಿ. ಒಳ್ಳೆಯ ಟಯರ್ ಯಾವಾಗಲೂ ಮುಂದಕ್ಕೆ.

ಪ್ರಶ್ನೆ: ಸಲ್ಯೂಷನ್‌ಗೆ ಬೆಂಕಿ ತೋರಿಸಿದರೆ ಪ್ಯಾಚ್ ಬೇಗ ಹಿಡಿಯುತ್ತಂತೆ?

ಟ್ಯೂಬಿನ ಜೊತೆ ಕೈಯೂ ಸುಡುತ್ತದೆ. ಹೇಳಿದವರ ಸೈಕಲ್ ಮೇಲೆ ಮೊದಲು ಮಾಡಿಸಿ.

ಪ್ರಶ್ನೆ: ವಾಲ್ವಿನ ಬುಡದಲ್ಲೇ ಸೀಳಿದೆ. ಯಾವ ಪ್ಯಾಚ್ ಹಾಕಲಿ?

ಯಾವುದೂ ನಿಲ್ಲಲ್ಲ. ಹೊಸ ಟ್ಯೂಬ್ ತನ್ನಿ.