ಎರಡು ತಿಂಗಳ ಪ್ರಯೋಗವೆಂದು ಕೇಳಿ

ಪ್ರಶ್ನೆ: ಬಳ್ಳಾರಿಯ ಒಂದು ಖಾಸಗಿ ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಅತ್ತೆಯವರಿಗೆ ಮಂಗಳವಾರ, ಶುಕ್ರವಾರ ಬೆಳಿಗ್ಗೆ ಡಯಾಲಿಸಿಸ್; ಕರೆದೊಯ್ಯಲು ನಾನೊಬ್ಬಳೇ. ಆ ಎರಡು ದಿನ ಮನೆಯಿಂದ ಕೆಲಸ ಮಾಡುತ್ತೇನೆಂದು ಕೇಳಿದರೆ, ‘ನಿಮಗೆ ಕೊಟ್ಟರೆ ಎಲ್ಲರೂ ಕೇಳುತ್ತಾರೆ’ ಎನ್ನುತ್ತಾರೇನೋ ಎಂಬ ಅಳುಕು. ಸಾಹೇಬರನ್ನು ಹೇಗೆ ಕೇಳಲಿ?

ಉತ್ತರ: ಡಯಾಲಿಸಿಸ್ಸಿಗೆ ಸಾಮಾನ್ಯವಾಗಿ ನಾಲ್ಕು ಗಂಟೆ ಹಿಡಿಯುತ್ತದೆ, ಹೋಗಿಬರುವ ಹೊತ್ತು ಬೇರೆ. ಆದ್ದರಿಂದ ‘ಮನೆಯಿಂದ ಕೆಲಸ’ ಎಂದಷ್ಟೇ ಕೇಳಿದರೆ, ಬೆಳಿಗ್ಗೆ ಹನ್ನೊಂದಕ್ಕೆ ಸಾಹೇಬರು ಫೋನ್ ಮಾಡಿದಾಗ ನೀವು ಆಸ್ಪತ್ರೆಯಲ್ಲಿರುತ್ತೀರಿ, ನಂಬಿಕೆ ಮೊದಲ ವಾರವೇ ಕೆಡುತ್ತದೆ. ಆ ಎರಡು ದಿನ ಮಧ್ಯಾಹ್ನ ಎರಡರಿಂದ ರಾತ್ರಿ ಒಂಬತ್ತರವರೆಗೆ ಕೆಲಸ ಮಾಡುವೆನೆಂದೂ ಬೆಳಿಗ್ಗೆ ಸಿಗುವುದಿಲ್ಲವೆಂದೂ ಮುಚ್ಚುಮರೆಯಿಲ್ಲದೆ ಬರೆಯಿರಿ.

ಪ್ರಯೋಗಕ್ಕೆ ಎರಡು ತಿಂಗಳು ಕೇಳಿ, ತಿಂಗಳ ಒಂದನೇ ತಾರೀಖಿನಿಂದ. ನಿಮ್ಮ ಕೆಲಸ ತಿಂಗಳ ಲೆಕ್ಕದಲ್ಲಿ ನಡೆಯುವಂಥದ್ದು: ಪ್ರತಿ ತಿಂಗಳು ರಿಟರ್ನ್ ಸಲ್ಲಿಸುವವರಿಗೆ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ ಜಿಎಸ್‌ಟಿಆರ್-3ಬಿ. ಎರಡು ವಾರದ ಪ್ರಯೋಗದಲ್ಲಿ ಈ ಒತ್ತಡದ ದಿನಗಳು ತಪ್ಪಿಹೋದರೆ ಅದರಿಂದ ಏನೂ ಸಾಬೀತಾಗುವುದಿಲ್ಲ.

ಅಳತೆಗೋಲು ಎರಡೇ ಸಾಕು. ಬಂದ ಖರೀದಿ ಬಿಲ್ ಮರುದಿನ ಸಂಜೆಯೊಳಗೆ ಟ್ಯಾಲಿಗೆ ಏರಿರಬೇಕು. ಮಾರಿದವರು ಸಲ್ಲಿಸಿದ ಬಿಲ್ಲುಗಳ ಪಟ್ಟಿಯಾಗಿ 14ರಂದು ಬರುವ ಜಿಎಸ್‌ಟಿಆರ್-2ಬಿಯೊಂದಿಗೆ ಖರೀದಿಯನ್ನು ತಾಳೆ ನೋಡುವ ಕೆಲಸ 17ರೊಳಗೆ ಮುಗಿದಿರಬೇಕು. ಕೇಳುವ ಮೊದಲು, ಕಳೆದ ಎರಡು ತಿಂಗಳಲ್ಲಿ ಇವೆರಡೂ ಹೇಗೆ ನಡೆದಿವೆಯೆಂದು ಪುಸ್ತಕ ನೋಡಿ ಬರೆದಿಟ್ಟುಕೊಳ್ಳಿ. ಆಫೀಸಿನಲ್ಲಿ ಕೂತಾಗಲೇ ತಾಳೆ 18ಕ್ಕೆ ಮುಗಿಯುತ್ತಿದ್ದರೆ 18 ಎಂದೇ ಬರೆಯಿರಿ. ಒಪ್ಪಿಗೆಯ ಆಸೆಗೆ ಇಲ್ಲದ ವೇಗದ ಮಾತು ಕೊಟ್ಟವರು ಅಲ್ಲೇ ಸಿಕ್ಕಿಬೀಳುತ್ತಾರೆ.

ನಿಜವಾದ ತೊಡಕು ಕಾಗದದ ಬಿಲ್ಲುಗಳದ್ದು. ಮಂಗಳವಾರ ಆಫೀಸಿಗೆ ಬಂದ ಬಿಲ್ಲನ್ನು ಯಾರಾದರೂ ಸ್ಕ್ಯಾನ್ ಮಾಡಿ ಕಳಿಸಬೇಕು. ಆ ಸಹೋದ್ಯೋಗಿಯನ್ನು ಮೊದಲೇ ಕೇಳಿ ಒಪ್ಪಿಸಿ, ಅವರ ಯಾವ ಕೆಲಸವನ್ನು ಬದಲಿಗೆ ನೀವು ಮಾಡುವಿರೆಂಬುದನ್ನೂ ಪತ್ರದಲ್ಲಿ ಸೇರಿಸಿ. ನಗದು ಮತ್ತು ಚೆಕ್ಕಿನ ಕೆಲಸವನ್ನು ಉಳಿದ ದಿನಗಳಿಗೆ ಇಟ್ಟುಕೊಳ್ಳಿ. ಡೇಟಾವನ್ನು ಪೆನ್‌ಡ್ರೈವ್‌ನಲ್ಲಿ ಮನೆಗೆ ಒಯ್ಯುವುದು ಮಾತ್ರ ಬೇಡವೇ ಬೇಡ. ಆಫೀಸಿನವರೇ ರಿಮೋಟ್ ಸಂಪರ್ಕ ಮಾಡಿಕೊಡಲಿ.

‘ಎಲ್ಲರೂ ಕೇಳುತ್ತಾರೆ’ ಎಂಬ ಮಾತು ಬಂದರೆ ಅತ್ತೆಯವರ ಕಷ್ಟವನ್ನು ಮತ್ತೆ ವಿವರಿಸಬೇಡಿ. ‘ಸರ್, ಇದೇ ರೀತಿ ಅಳತೆ ಬರೆದುಕೊಟ್ಟವರನ್ನು ಇದೇ ರೀತಿ ಪರೀಕ್ಷಿಸಬಹುದು, ಎರಡು ವಾರ ಸತತವಾಗಿ ಬಿಲ್ ಬಾಕಿ ಉಳಿದರೆ, ಅಥವಾ ತಾಳೆಯ ಗಡುವು ಒಮ್ಮೆ ತಪ್ಪಿದರೆ, ಈ ಏರ್ಪಾಡು ಅಲ್ಲಿಗೇ ನಿಲ್ಲಲಿ’ ಎನ್ನಿ. ನಿಂತರೆ ಅತ್ತೆಯವರನ್ನು ಕರೆದೊಯ್ಯುವವರು ಯಾರೆಂದು ಮನೆಯಲ್ಲಿ ಈಗಲೇ ಮಾತಾಡಿಕೊಂಡಿರಿ.

20ನೇ ತಾರೀಖು ದಾಟಿದ ಮೇಲೆ, ಸಾಹೇಬರಿಗೆ ಬಿಡುವಿರುವಾಗ ಕೇಳಿ. ಮಾರ್ಚ್ ತಿಂಗಳು ಬೇಡ. ಅವರು ಬಾಯಿಮಾತಿನಲ್ಲಿ ಒಪ್ಪಿದರೂ ಅದೇ ಸಂಜೆ ದಿನ, ಸಮಯ, ಅಳತೆ, ಕೊನೆಯ ತಾರೀಖು ಬರೆದು ಮೇಲ್ ಕಳಿಸಿ, ‘ಸರಿ’ ಎಂಬ ಉತ್ತರ ಬಂದ ಮೇಲೆಯೇ ಪ್ರಯೋಗ ಶುರುಮಾಡಿ.