ಅತ್ತೆಯನ್ನು ಬಿಟ್ಟು ಅರ್ಜಿ ಹಾಕಬಹುದಾ?

ಕಾನೂನು ನೆರವು ಕೇಂದ್ರದಲ್ಲಿ ನನ್ನ ಮುಂದೆ ಕುಳಿತ ಹೆಣ್ಣುಮಗಳಿಗೆ ಮೂವತ್ಮೂರು ವರ್ಷ. ಸುಮಾ ಎಂದು ಕರೆಯೋಣ, ಅದು ಅವರ ನಿಜ ಹೆಸರಲ್ಲ. 2024ರಲ್ಲಿ ಅವರ ಗಂಡ ಬೈಕಿನಲ್ಲಿ ಬರುವಾಗ ಲಾರಿ ಗುದ್ದಿ ತೀರಿಕೊಂಡಿದ್ದರು. ವಯಸ್ಸು 38 ಎಂದರು ಸುಮಾ. ಬಡಗಿ ಕೆಲಸ, ಸ್ವಂತ ಸಣ್ಣ ಶೆಡ್ಡು. ಮನೆಯಲ್ಲಿ ಇಬ್ಬರು ಶಾಲೆಗೆ ಹೋಗುವ ಮಕ್ಕಳು ಮತ್ತು ಗಂಡನ ತಾಯಿ.

ಪರಿಹಾರ ಎಷ್ಟು ಬರುತ್ತೆ ಅಂತ ಅವರು ಮೊದಲು ಕೇಳಲಿಲ್ಲ. "ಮೇಡಂ, ಅತ್ತೆ ಹೆಸರು ಬಿಟ್ಟು ಅರ್ಜಿ ಹಾಕಬಹುದಾ? ದಿನಾ ಜಗಳ. ಅವರಿಗೂ ಪಾಲು ಹೋದ್ರೆ ಮಕ್ಕಳಿಗೆ ಏನು ಉಳಿಯುತ್ತೆ?" ಎಂದರು. ಜೊತೆಗೆ, ಪರಿಚಯದವರೊಬ್ಬರು 12 ಲಕ್ಷಕ್ಕೆ ರಾಜಿ ಮಾಡಿಸುತ್ತೇನೆ ಅಂದಿದ್ದಾರಂತೆ.

ಒಂದು ಹಾಳೆ ತೆಗೆದುಕೊಂಡು ಲೆಕ್ಕ ಬರೆದು ತೋರಿಸಿದೆ. ತಿಂಗಳ ದುಡಿಮೆ 25 ಸಾವಿರ ಎಂದು ಅವರು ಹೇಳಿದರು. ಮರದ ಡಿಪೋ ಬಿಲ್ಲು, ಬ್ಯಾಂಕ್ ಪಾಸ್‌ಬುಕ್, ಆರ್ಡರ್ ಬರೆದಿಟ್ಟ ಪುಸ್ತಕ ನೋಡಿದರೆ 18 ಸಾವಿರಕ್ಕೆ ಆಧಾರವಿತ್ತು. ಅಷ್ಟನ್ನೇ ಹಿಡಿಯೋಣ ಎಂದೆ. ಜಾಸ್ತಿ ಹೇಳಿ ಪಾಟೀ ಸವಾಲಿನಲ್ಲಿ ಸಿಕ್ಕಿಬಿದ್ದರೆ ನಿಜವಾದ 18 ಸಾವಿರವನ್ನೂ ನ್ಯಾಯಾಧೀಶರು ಅನುಮಾನದಿಂದ ನೋಡುತ್ತಾರೆ.

ಮುಂದೆ ದುಡಿಮೆ ಏರುತ್ತಿತ್ತು ಅಲ್ವಾ? ಸ್ವಂತ ಕೆಲಸದವರು 40 ವರ್ಷದೊಳಗೆ ತೀರಿಕೊಂಡಿದ್ದರೆ ಆದಾಯಕ್ಕೆ ಶೇ. 40 ಸೇರಿಸಬೇಕು ಎಂದು 2017ರಲ್ಲಿ ಪ್ರಣಯ್ ಸೇಠಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 18,000 ಹೀಗೆ 25,200 ಆಯಿತು. ಇದರಲ್ಲಿ ಸತ್ತವರು ತಮ್ಮ ಖರ್ಚಿಗೆ ಬಳಸುತ್ತಿದ್ದ ಭಾಗವನ್ನು ಕಳೆಯುತ್ತಾರೆ. ಅವಲಂಬಿತರು ನಾಲ್ಕರಿಂದ ಆರು ಮಂದಿ ಇದ್ದರೆ ಕಾಲು ಭಾಗ, ಎರಡು ಮೂರು ಮಂದಿ ಇದ್ದರೆ ಮೂರನೇ ಒಂದು ಭಾಗ.

ಅತ್ತೆಯ ಪ್ರಶ್ನೆಗೆ ಉತ್ತರ ಇಲ್ಲೇ ಇತ್ತು. ಅವರೂ ಸೇರಿ ನಾಲ್ವರಾದರೆ ಕಾಲು ಭಾಗ ಹೋಗಿ ತಿಂಗಳಿಗೆ 18,900 ಉಳಿಯುತ್ತದೆ, ವರ್ಷಕ್ಕೆ 2,26,800. ಇದನ್ನು ಗುಣಕದಿಂದ ಗುಣಿಸಬೇಕು. ಕೋರ್ಟಿನಲ್ಲಿ ಎಲ್ಲರೂ ಮಲ್ಟಿಪ್ಲೈಯರ್ ಎನ್ನುತ್ತಾರೆ. ಸತ್ತವರ ವಯಸ್ಸಿನ ಮೇಲೆ ಅದನ್ನು ಹಿಡಿಯುತ್ತಾರೆ. 2009ರ ಸರಳಾ ವರ್ಮಾ ತೀರ್ಪಿನ ಪಟ್ಟಿಯಲ್ಲಿ 36ರಿಂದ 40 ವರ್ಷಕ್ಕೆ 15 ಇದೆ. ಗುಣಿಸಿದರೆ 34,02,000. ಅತ್ತೆಯನ್ನು ಬಿಟ್ಟರೆ ಇದೇ ಲೆಕ್ಕ 30,24,000ಕ್ಕೆ ಇಳಿಯುತ್ತದೆ.

"ಅಂದ್ರೆ ಅತ್ತೆ ಇದ್ರೆನೇ ಜಾಸ್ತಿನಾ?" ಸುಮಾ ಹಾಳೆಯನ್ನೇ ನೋಡುತ್ತಾ ಕೇಳಿದರು. ಹೌದು. ಜೊತೆಗೆ ಆಪ್ತರನ್ನು ಕಳೆದುಕೊಂಡ ನಷ್ಟವೆಂದು ಹೆಂಡತಿ, ಮಕ್ಕಳು, ತಾಯಿ ಎಲ್ಲರಿಗೂ ತಲಾ ಒಂದು ಮೊತ್ತ ಸಿಗುತ್ತದೆ. 2017ರಲ್ಲಿ ಅದು 40 ಸಾವಿರ, ಮೂರು ವರ್ಷಕ್ಕೊಮ್ಮೆ ಶೇ. 10 ಏರಿಸಬೇಕು ಎಂದಿತ್ತು. ಅಂತ್ಯಕ್ರಿಯೆಯ ಖರ್ಚು ಬೇರೆ. ಒಟ್ಟು ಹಣದಲ್ಲಿ ಯಾರಿಗೆ ಎಷ್ಟು ಎಂಬುದು ಮಾತ್ರ ನ್ಯಾಯಮಂಡಳಿಯ ಕೈಲಿದೆ. ಅತ್ತೆಗೆ ಹೋಗುವ ಪಾಲು ಇಷ್ಟೇ ಎಂದು ನಾನು ಮಾತು ಕೊಡಲಿಲ್ಲ. ಬಿಟ್ಟು ಹಾಕಿದರೂ ಅವರು ಮುಂದೆ ಬಂದು ತಮ್ಮ ಹಕ್ಕು ಕೇಳಬಹುದು ಎಂದೂ ಹೇಳಿದೆ.

ನನಗೆ ನಿಜವಾಗಿ ಆತಂಕವಾಗಿದ್ದು ಗಂಡನ ಆಧಾರ್ ಕಾರ್ಡ್ ನೋಡಿ. ಅದರಲ್ಲಿ ಜನ್ಮದಿನ 1982ರ ಜನವರಿ 1. ನೋಂದಣಿ ಮಾಡುವಾಗ ಅಂದಾಜಿಗೆ ಬರೆಸಿದ ತಾರೀಖು ಇದು, ಹಳ್ಳಿ ಕಡೆ ಬಹಳ ಮಂದಿಗೆ ಹೀಗೇ ಇರುತ್ತದೆ. ಹೀಗಾದರೆ ಸತ್ತಾಗ ವಯಸ್ಸು 42. ಆಗ ಆದಾಯಕ್ಕೆ ಸೇರಿಸುವುದು ಶೇ. 25, ಗುಣಕ 14. ಮೊತ್ತ 28,35,000. ಒಂದು ಕಾರ್ಡಿನ ಸಾಲಿಗೆ 5,67,000 ಕಡಿಮೆ. ಮರಣೋತ್ತರ ಪರೀಕ್ಷೆಯ ವರದಿಯಲ್ಲೂ 42 ಎಂದೇ ಇತ್ತು. ಮೈದುನ ಆಧಾರ್ ನೋಡಿ ಹೇಳಿದ್ದರಂತೆ.

ಗಂಡ ಏಳನೇ ತರಗತಿವರೆಗೆ ಓದಿದ್ದರು. ಊರಿನ ಶಾಲೆಯಿಂದ ವರ್ಗಾವಣೆ ಪತ್ರದ ದೃಢೀಕೃತ ಪ್ರತಿ ತರಿಸಲು ಹೇಳಿದೆ. ಜನ್ಮದಿನಕ್ಕೆ ಆಧಾರ್ ಪುರಾವೆಯಲ್ಲ, ಶಾಲಾ ದಾಖಲೆಯನ್ನು ಒಪ್ಪಬೇಕು ಎಂದು 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಅಪಘಾತದ ಪರಿಹಾರದ ಪ್ರಕರಣದಲ್ಲೇ ಹೇಳಿದೆ. ಪತ್ರ ಬಂತು. 1986. ಅಂದರೆ 38 ವರ್ಷ.

ರಾಜಿಗೆ ಸಹಿ ಹಾಕಬೇಡಿ ಎಂದು ಖಡಾಖಂಡಿತ ಹೇಳಿದೆ. ರಾಜಿಯೇ ತಪ್ಪು ಅಂತಲ್ಲ, ಲೋಕ ಅದಾಲತ್‌ನಲ್ಲಿ ಒಳ್ಳೆ ಮೊತ್ತಕ್ಕೆ ಮುಗಿದ ಪ್ರಕರಣಗಳನ್ನು ನೋಡಿದ್ದೇನೆ. ಆದರೆ 12 ಲಕ್ಷ ಈ ಲೆಕ್ಕದ ಹತ್ತಿರವೂ ಬರಲ್ಲ. ಲಾರಿ ಚಾಲಕನ ತಪ್ಪು ಸಾಬೀತಾಗಬೇಕು, ಅದೊಂದು ಇದ್ದೇ ಇದೆ. ಆರೋಪ ಪಟ್ಟಿ ಅವನ ಮೇಲೇ ಇದ್ದುದರಿಂದ ಆ ಭಯ ಕಡಿಮೆ ಇತ್ತು. ಅಪಘಾತವಾಗಿ ಆರು ತಿಂಗಳೊಳಗೆ ಅರ್ಜಿ ಹಾಕಬೇಕೆಂಬ ನಿಯಮ 2022ರ ಏಪ್ರಿಲ್‌ನಿಂದ ಬಂದಿದೆ. ಇವರು ಬಂದಾಗ ನಾಲ್ಕನೇ ತಿಂಗಳು ನಡೆಯುತ್ತಿತ್ತು. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ, ಅದನ್ನು ಅಂದೇ ಬರೆದುಕೊಟ್ಟೆ.

ಮುಂದಿನ ವಾರ ಸುಮಾ ಮತ್ತೆ ಬಂದರು, ಅತ್ತೆಯನ್ನು ಕರೆದುಕೊಂಡು. ಇಬ್ಬರೂ ಮಾತಾಡುತ್ತಿರಲಿಲ್ಲ. ಅರ್ಜಿಯ ಕೆಳಗೆ ಸುಮಾ ಸಹಿ ಹಾಕಿದರು, ಅತ್ತೆ ಹೆಬ್ಬೆಟ್ಟು ಒತ್ತಿದರು.