ಗಾಣಗಾಪುರ ಬಾಡಿಗೆ: ಲೆಕ್ಕ ಗಾಡಿ ಹತ್ತುವ ಮೊದಲೇ ಆಗಲಿ

ಪ್ರಶ್ನೆ: ಕಲಬುರಗಿಯಲ್ಲಿ ಸ್ವಂತ ಟ್ಯಾಕ್ಸಿ ಓಡಿಸ್ತೀನಿ. ರೈಲಿಳಿದು ಗಾಣಗಾಪುರಕ್ಕೆ ಹೋಗಿಬರೋರೇ ಜಾಸ್ತಿ. ವಾಪಸ್ ಬಂದಮೇಲೆ "ಓಡಿದ್ದು ಇಷ್ಟೇ, ದುಡ್ಡು ಇಷ್ಟ್ಯಾಕೆ?" ಅಂತ ಮಾತು ಬರುತ್ತೆ. ಬಾಡಿಗೆ, ವೇಟಿಂಗ್, ಸುರಕ್ಷತೆ ಬಗ್ಗೆ ಒಂದೂವರೆ ನಿಮಿಷದ ವಿಡಿಯೋ ಮಾಡಬೇಕು ಅಂತಿದೀನಿ. ಏನು ಹೇಳಲಿ?
– ಒಬ್ಬ ಚಾಲಕ, ಕಲಬುರಗಿ

ಉತ್ತರ: ಆ ಮಾತು ಬರೋದು ದರ ಜಾಸ್ತಿ ಅಂತ ಅಲ್ಲ. ನೀವು ತಾಸಿನ ಲೆಕ್ಕ ಹಿಡಿದಿರ್ತೀರಿ, ಅವರು ಕಿಲೋಮೀಟರ್ ಲೆಕ್ಕ ಹಿಡಿದಿರ್ತಾರೆ. ವಿಡಿಯೋದಲ್ಲಿ ಮೊದಲು ಬಿಡಿಸಬೇಕಾದ ಗಂಟು ಇದೇ.

ಒಂದು ಟ್ರಿಪ್ಪಿನ ಲೆಕ್ಕ ಹಾಕಿ ನೋಡೋಣ. ದರಗಳು ಉದಾಹರಣೆಗೆ ಮಾತ್ರ, ನಿಮ್ಮದನ್ನು ಹಾಕಿಕೊಳ್ಳಿ. ಎಂಟು ತಾಸು, 80 ಕಿಲೋಮೀಟರಿಗೆ 2000 ರೂಪಾಯಿ. ಮೇಲೆ ಓಡಿದ್ದಕ್ಕೆ ಕಿಲೋಮೀಟರಿಗೆ 13, ಮೇಲಿನ ತಾಸಿಗೆ 150. ಒಂದು ಕುಟುಂಬ ಬೆಳಿಗ್ಗೆ ಆರಕ್ಕೆ ಸ್ಟೇಷನ್‌ನಲ್ಲಿ ಹತ್ತಿತು ಅಂದುಕೊಳ್ಳಿ. ಗಾಣಗಾಪುರ ಸುಮಾರು 40 ಕಿಲೋಮೀಟರ್, ಅಂದರೆ ಹೋಗಿಬರೋದರಲ್ಲೇ ಎಂಬತ್ತು ಮುಗೀತು. ಭೀಮಾ-ಅಮರಜಾ ನದಿಗಳ ಸಂಗಮ ಇರೋದು ದತ್ತನ ಗುಡಿಯಿಂದ ಇನ್ನೂ ಮೂರು ಕಿಲೋಮೀಟರ್ ಆಚೆ. ಜೊತೆಗೆ ನಿಮ್ಮ ಗಾಡಿ ನಿಲ್ಲುವ ಜಾಗದಿಂದ ಸ್ಟೇಷನ್‌ಗೆ ಬಂದದ್ದು, ವಾಪಸ್ ಹೋಗೋದು. ಎಲ್ಲ ಸೇರಿ 96 ಆಯ್ತು. ಸ್ನಾನ, ಪಾದುಕೆ ದರ್ಶನ, ಮಧ್ಯಾಹ್ನದ ಮಧುಕರಿ ಭಿಕ್ಷೆ, ಊಟ ಮುಗಿಸಿ ಕಲಬುರಗಿಗೆ ಬಂದಾಗ ಸಂಜೆ ನಾಲ್ಕು. ಹತ್ತು ತಾಸು. ಹದಿನಾರು ಕಿಲೋಮೀಟರಿಗೆ 208, ಎರಡು ತಾಸಿಗೆ 300. ಒಟ್ಟು 2508, ಪಾರ್ಕಿಂಗ್ ಬೇರೆ.

ಪ್ರವಾಸಿಗರು ಮನಸ್ಸಿನಲ್ಲಿ ಹಾಕಿದ ಲೆಕ್ಕ ಬೇರೆ. 96 ಗುಣಿಸು 13, ಅಂದರೆ 1248. ನೀವು ದುಪ್ಪಟ್ಟು ಕೇಳಿದಂತೆ ಅವರಿಗೆ ಕಾಣುತ್ತೆ. ಇನ್ನು ದಿನಕ್ಕೆ ಕನಿಷ್ಠ 250 ಕಿಲೋಮೀಟರ್ ಅನ್ನುವ ಹೊರ ಊರಿನ ಲೆಕ್ಕ ಹಚ್ಚಿದರೆ 3250, ಮೇಲೆ ಡ್ರೈವರ್ ಭತ್ಯೆ. ಗಾಣಗಾಪುರಕ್ಕೆ ಈ ಲೆಕ್ಕ ಹಚ್ಚಬೇಡಿ. ಅದು ಬೀದರ್‌ಗೆ ಸರಿ. ಹೋಗಿಬರೋದು, ಕೋಟೆ, ಅಷ್ಟೂರು ಎಲ್ಲ ಸೇರಿ ಹೆಚ್ಚು ಕಡಿಮೆ 250 ಆಗೇ ಆಗುತ್ತೆ, ಅಲ್ಲಿ ಯಾರಿಗೂ ನಷ್ಟ ಇಲ್ಲ. ಹತ್ತಿರದ ಊರು, ಕಾಯುವ ಹೊತ್ತು ಜಾಸ್ತಿ ಅಂದರೆ ತಾಸಿನ ಪ್ಯಾಕೇಜೇ ನ್ಯಾಯ.

ವೇಟಿಂಗ್ ವಿಷಯದಲ್ಲಿ ಇನ್ನೊಂದು ಗೊಂದಲ ಇದೆ. ಊರೊಳಗಿನ ಟ್ಯಾಕ್ಸಿಗೆ ಸರ್ಕಾರ 2024ರ ಫೆಬ್ರವರಿಯಲ್ಲಿ ದರ ನಿಗದಿ ಮಾಡಿತು. ಹತ್ತು ಲಕ್ಷದೊಳಗಿನ ಬೆಲೆಯ ಗಾಡಿಗೆ ಮೊದಲ 4 ಕಿಲೋಮೀಟರಿಗೆ 100, ಆಮೇಲೆ ಕಿಲೋಮೀಟರಿಗೆ 24. ಕಾಯುವುದಕ್ಕೆ ಮೊದಲ 5 ನಿಮಿಷ ಉಚಿತ, ನಂತರ ನಿಮಿಷಕ್ಕೆ ಒಂದು ರೂಪಾಯಿ. ಬೆಂಗಳೂರಿನಿಂದ ಬಂದವರ ತಲೆಯಲ್ಲಿ ಈ ಲೆಕ್ಕ ಕೂತಿರುತ್ತೆ. ಪ್ಯಾಕೇಜಿನಲ್ಲಿ ಕಾಯುವ ಹೊತ್ತು ಒಳಗೇ ಸೇರಿದೆ ಅಂತ ನೀವು ಬಾಯಿಬಿಟ್ಟು ಹೇಳದಿದ್ದರೆ, ಗುಡಿಯಲ್ಲಿ ಕೂತಷ್ಟೂ ಮೀಟರ್ ಓಡ್ತಿದೆ ಅಂತ ಅವರಿಗೆ ಆತಂಕ.

ಸ್ಕ್ರಿಪ್ಟ್ ಹೀಗಿರಲಿ. ನೀವು ಮಾತಾಡೋ ರೀತಿಯಲ್ಲೇ ಬರೆದಿದ್ದೀನಿ.

ಗಾಡಿ ಮುಂದೆ ನಿಂತು, ನಂಬರ್ ಪ್ಲೇಟ್ ಕಾಣುವಂತೆ:
"ನಮಸ್ಕಾರ್ರಿ. ಕಲಬುರಗಿಯಿಂದ ಗಾಣಗಾಪುರಕ್ಕೆ ಹೊರಟೀರಾ? ಇದು ಹಳದಿ ಬೋರ್ಡಿನ ಗಾಡಿ, ಬಾಡಿಗೆಗೆ ಪರ್ಮಿಟ್ ಐತಿ. ನಂಬರಿನ ಫೋಟೋ ತೆಗೆದು ಮನೆಗೆ ಕಳಿಸ್ರಿ, ನಮಗೇನೂ ಬೇಜಾರಿಲ್ಲ."

ಒಳಗೆ ಕೂತು, ಕಿಲೋಮೀಟರ್ ಮೀಟರ್ ತೋರಿಸುತ್ತಾ:
"ಎಂಟು ತಾಸು, ಎಂಬತ್ತು ಕಿಲೋಮೀಟರಿಗೆ ಒಂದು ರೇಟು. ಮೇಲೆ ಆದ್ರೆ ಕಿಲೋಮೀಟರಿಗಿಷ್ಟು, ತಾಸಿಗಿಷ್ಟು. ಹೋಗಿಬರೋದೇ ಎಂಬತ್ತಾಗ್ತದ, ಸಂಗಮ ಬೇರೆ. ಹದಿನೈದು ಕಿಲೋಮೀಟರ್ ಜಾಸ್ತಿ ಆಗೇ ಆಗ್ತದ, ಮೊದಲೇ ಹಿಡೀರಿ. ಹೊರಡುವಾಗ ಈ ಮೀಟರಿನ ಫೋಟೋ ತಗೊಳ್ರಿ, ಮುಗಿದಮ್ಯಾಲೆ ಇನ್ನೊಂದು."

ಗುಡಿ ಹತ್ತಿರದ ಪಾರ್ಕಿಂಗ್‌ನಲ್ಲಿ:
"ನೀವು ದರ್ಶನಕ್ಕೆ ಹೋದಾಗ ಕಾಯೋದಕ್ಕೆ ಬೇರೆ ರೊಕ್ಕ ಇಲ್ಲ, ಎಂಟು ತಾಸಿನೊಳಗೇ ಬಂತು. ಮಧುಕರಿ ಮುಗಿಸಿ ಬರ್ತೀನಂದ್ರ ಹತ್ತು ತಾಸು ಹಿಡೀರಿ. ಬಿಸಿಲಾಗ ಮಕ್ಕಳನ್ನ, ವಯಸ್ಸಾದವರನ್ನ ಗಾಡಿಯೊಳಗ ಬಿಟ್ಟು ಹೋಗಬ್ಯಾಡ್ರಿ. ನದಿಗೆ ನೀರು ಬಿಟ್ಟಾರಂದ್ರ ಸ್ನಾನಕ್ಕೆ ಇಳೀಬ್ಯಾಡ್ರಿ."

ಹೊರಡುವ ಮುನ್ನ, ಸೀಟ್ ಬೆಲ್ಟ್ ಹಾಕುತ್ತಾ:
"ಹಿಂದೆ ಕೂತೋರೂ ಬೆಲ್ಟ್ ಹಾಕ್ರಿ. ಕತ್ತಲಾಗೋದ್ರೊಳಗ ಕಲಬುರಗಿ ಸೇರೋಣ. ದಾರ್ಯಾಗ ಏನರ ತೊಂದ್ರೆ ಅನಿಸಿದ್ರ 112ಕ್ಕೆ ಫೋನ್ ಮಾಡ್ರಿ."

ವಿಡಿಯೋದಲ್ಲಿ ರೂಪಾಯಿ ಮೊತ್ತ ಹೇಳಬೇಡಿ. ಡೀಸೆಲ್ ದರ ಏರಿದರೆ ನೀವು ದರ ಬದಲಿಸ್ತೀರಿ, ಆದರೆ ಹಳೆ ವಿಡಿಯೋ ಜನರ ಫೋನಿನಲ್ಲಿ ಉಳಿದಿರುತ್ತೆ. ಮೊತ್ತವನ್ನು ಪ್ರತಿ ಬುಕಿಂಗ್‌ಗೂ ಮೆಸೇಜಿನಲ್ಲಿ ಬರೆದು ಕಳಿಸಿ.

ಮೀಟರಿನ ಫೋಟೋ ಎಲ್ಲಿ ತೆಗೆಯೋದು ಅನ್ನೋದೂ ಸ್ಪಷ್ಟ ಇರಬೇಕು. ಲೆಕ್ಕ ಗಾಡಿ ನಿಲ್ಲುವ ಜಾಗದಿಂದ ಶುರು ಅಂದರೆ, ಸ್ಟೇಷನ್‌ಗೆ ಬಂದ ನಾಲ್ಕೈದು ಕಿಲೋಮೀಟರ್ ಅವರ ಫೋಟೋದಲ್ಲಿ ಸಿಗಲ್ಲ. ಅಲ್ಲೇ ಅನುಮಾನ ಹುಟ್ಟುತ್ತೆ. ಅದಕ್ಕೆ ಹೊರಡುವ ಮುಂಚೆ ನೀವೇ ಮೀಟರ್ ಫೋಟೋ ತೆಗೆದು ಅವರಿಗೆ ಕಳಿಸಿಬಿಡಿ. ಇಲ್ಲವೇ ಆ ಚಿಲ್ಲರೆ ಕಿಲೋಮೀಟರ್‌ಗಳನ್ನು ಪ್ಯಾಕೇಜ್ ದರದಲ್ಲೇ ಸೇರಿಸಿ, ಸ್ಟೇಷನ್‌ನಿಂದ ಸ್ಟೇಷನ್‌ಗೆ ಎಣಿಸಿ. ನನ್ನನ್ನು ಕೇಳಿದರೆ ಎರಡನೆಯದೇ ವಾಸಿ. ಆಗ ಸ್ಕ್ರಿಪ್ಟಿನಲ್ಲಿ ಹದಿನೈದರ ಬದಲು ಆರು ಕಿಲೋಮೀಟರ್ ಅನ್ನಿ. ಐವತ್ತು-ನೂರು ರೂಪಾಯಿಗೆ ಇಡೀ ದಿನದ ಒಳ್ಳೆಯತನ ಹಾಳಾಗಬಾರದು.

ರೈಲು ತಡವಾದರೆ ತಾಸು ಎಲ್ಲಿಂದ ಎಣಿಸೋದು? ಅವರು ಹತ್ತಿದ ಹೊತ್ತಿನಿಂದ. ಟ್ರೈನ್ ನಂಬರ್ ಕೇಳಿಕೊಂಡು, ರೈಲು ಎಲ್ಲಿದೆ ಅಂತ ಮೊಬೈಲಿನಲ್ಲಿ ನೋಡಿಕೊಂಡು ಮನೆ ಬಿಡಿ. ರೈಲು ತಡ ಮಾಡಿದ್ದಕ್ಕೆ ಪ್ರಯಾಣಿಕರಿಂದ ವೇಟಿಂಗ್ ಕೇಳಿದರೆ ಅದು ಅನ್ಯಾಯ.

ನದಿಯ ಮಾತು ಸ್ಕ್ರಿಪ್ಟಿನಲ್ಲಿ ಯಾಕೆ ಅಂದರೆ, ಮೇಲ್ಗಡೆ ಅಫಜಲಪುರ ತಾಲ್ಲೂಕಿನ ಸೊನ್ನ ಬ್ಯಾರೇಜಿನಿಂದ ನೀರು ಬಿಟ್ಟಾಗ ಸಂಗಮದಲ್ಲಿ ಭೀಮೆ ಬೇಗ ಏರುತ್ತೆ. ಇಲ್ಲಿ ಮಳೆ ಇಲ್ಲದಿದ್ದರೂ ಮಹಾರಾಷ್ಟ್ರದ ಮಳೆಗೆ ನೀರು ಬರುತ್ತೆ, ಹೊರಗಿನವರಿಗೆ ಇದು ಹೊಳೆಯೋದೇ ಇಲ್ಲ. ಮಳೆಗಾಲದಲ್ಲಿ ಹಿಂದಿನ ದಿನವೇ ಊರಿನ ಯಾರಿಗಾದರೂ ಫೋನ್ ಮಾಡಿ ನೀರು ಹೇಗಿದೆ ಅಂತ ವಿಚಾರಿಸಿ.

ಕತ್ತಲಿನ ಮಾತಿಗೂ ಕಾರಣ ಇದೆ. ಕಬ್ಬು ಕಟಾವಿನ ಕಾಲದಲ್ಲಿ ಅಫಜಲಪುರ ರಸ್ತೆಯಲ್ಲಿ ಲೋಡ್ ತುಂಬಿದ ಟ್ರ್ಯಾಕ್ಟರ್ ಟ್ರೇಲರ್‌ಗಳು ಸಾಲಾಗಿ ಬರ್ತವೆ. ಎಷ್ಟೋ ಟ್ರೇಲರ್‌ಗೆ ಹಿಂದೆ ದೀಪವೂ ಇರಲ್ಲ, ರಿಫ್ಲೆಕ್ಟರೂ ಇರಲ್ಲ. ಎದುರು ಗಾಡಿಯ ಬೆಳಕು ಕಣ್ಣಿಗೆ ಬಿದ್ದ ಹೊತ್ತಲ್ಲಿ ಮುಂದಿನ ಟ್ರೇಲರ್ ಕಾಣೋದೇ ಇಲ್ಲ. "ಇನ್ನೊಂದು ತಾಸು ಇರೋಣ, ದುಡ್ಡು ಕೊಡ್ತೀವಿ" ಅಂದರೂ ಆ ದಿನಗಳಲ್ಲಿ ಒಪ್ಪಬೇಡಿ. ರಾತ್ರಿ ಉಳಿಯೋದಾದರೆ ಅದು ಬೇರೆ ಬುಕಿಂಗ್, ನಿಮ್ಮ ಊಟ-ವಸತಿ ಯಾರದು ಅಂತ ಮೊದಲೇ ಮಾತಾಡಿಕೊಳ್ಳಿ.

ವಿಡಿಯೋದ ಕೆಳಗೆ ಮರಾಠಿ, ಹಿಂದಿ, ತೆಲುಗಿನಲ್ಲಿ ಅಕ್ಷರ ಹಾಕಿಸಿ. ದತ್ತನ ದರ್ಶನಕ್ಕೆ ಮಹಾರಾಷ್ಟ್ರದಿಂದ ಬರೋರು ಬಹಳ. ಬುಕಿಂಗ್ ಖಾತ್ರಿ ಆದ ಕೂಡಲೇ, ದುಡ್ಡಿನ ಮೆಸೇಜಿಗೂ ಮುಂಚೆ, ವಿಡಿಯೋ ಕಳಿಸಿ.